ಬಾಸ್‌ಗೆ ಹೇಳಿದ ಕಾರಣ ತಪ್ಪು ಅಂತ ಆಮೇಲೆ ಗೊತ್ತಾಯ್ತು. ಈಗ ಏನಂತ ಬರೀಲಿ?

ಕೂರ್ಗಳ್ಳಿ ಡಿಸ್ಪ್ಯಾಚ್

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕೂರ್ಗಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಚಿಕ್ಕ ಕಂಪನಿ. ಗಾಡಿಗಳ ಬಿಡಿಭಾಗ ಮಾಡಿ ಹೊಸೂರಿನ ಒಂದು ಫ್ಯಾಕ್ಟರಿಗೆ ಕಳಿಸುತ್ತೇವೆ. ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಬಿಲ್, ಇ-ವೇ ಬಿಲ್, ಲಾರಿ, ಗೇಟ್ ಪಾಸ್ ಎಲ್ಲ ನನ್ನ ತಲೆ ಮೇಲೆ.

ಗುರುವಾರ ಸಂಜೆ ಆರಕ್ಕೆ ಹೊರಡಬೇಕಿದ್ದ ಲಾರಿ ರಾತ್ರಿ ಒಂಬತ್ತೂವರೆಗೆ ಹೊರಟಿತು. ಲೋಡ್ ಆಗಿತ್ತು, ಡ್ರೈವರ್ ರೆಡಿ ಇದ್ದ, ಮಾಲು ಸಾಗಿಸೋಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾಡಬೇಕಾದ ಇ-ವೇ ಬಿಲ್ ಮಾತ್ರ ಆಗಲಿಲ್ಲ. ಲಾಗಿನ್‌ಗೆ ಒಟಿಪಿ ಬೇಕು. ಅದು ಆಫೀಸ್ ಮೊಬೈಲ್‌ಗೆ ಬರೋದು, ಆ ಮೊಬೈಲ್ ನನ್ನ ಟೇಬಲ್ ಮೇಲೇ ಇತ್ತು. ಎಷ್ಟು ಸಲ ಒತ್ತಿದರೂ ಒಟಿಪಿ ಬರಲಿಲ್ಲ. ಪೋರ್ಟಲ್ ಬಿದ್ದಿದೆ ಅಂದುಕೊಂಡು ಬಾಸ್‌ಗೆ ವಾಟ್ಸಾಪ್ ಮಾಡಿದೆ: "ಸರ್, ಜಿಎಸ್‌ಟಿ ಪೋರ್ಟಲ್ ಡೌನ್ ಇದೆ. ಇ-ವೇ ಬಿಲ್ ಆಗ್ತಿಲ್ಲ. ಗಾಡಿ ಲೇಟ್ ಆಗುತ್ತೆ." ಅವರು "ಓಕೆ" ಅಂದರು. ಕೊನೆಗೆ ನಮ್ಮ ಆಡಿಟರ್ ಆಫೀಸಿನ ಹುಡುಗ ಅವನ ಲಾಗಿನ್‌ನಿಂದ ಮಾಡಿಕೊಟ್ಟ. ಪೋರ್ಟಲ್ ಸರಿಹೋಯ್ತು ಅಂದುಕೊಂಡು ಮನೆಗೆ ಹೋದೆ.

ಶನಿವಾರ ಅಕೌಂಟೆಂಟ್ ರಜೆ ಮುಗಿಸಿ ಬಂದರು. ಮಾದಪ್ಪನ ಬೆಟ್ಟಕ್ಕೆ ಹೋಗಿದ್ದರು. "ಗುರುವಾರ ಏನಪ್ಪ ಅಷ್ಟೊಂದು ಒಟಿಪಿ, ನೆಟ್‌ವರ್ಕ್ ಬಂದ ತಕ್ಷಣ ಸಾಲಾಗಿ ಬಿದ್ವು" ಅಂದರು. ಆಫೀಸ್ ಸಿಮ್ ಸರಿ ಇಲ್ಲ ಅಂತ ರಿಜಿಸ್ಟ್ರೇಷನ್‌ನಲ್ಲಿ ಅವರ ನಂಬರ್ ಹಾಕಿಸಿದ್ದಾರೆ. ನನಗೆ ಗೊತ್ತಿರಲಿಲ್ಲ. ಪಕ್ಕದ ಯೂನಿಟ್‌ನ ಗೆಳೆಯನನ್ನು ಕೇಳಿದರೆ, ಅವನು ಅದೇ ದಿನ ಏಳು ಗಂಟೆಗೆ ಆರಾಮಾಗಿ ಇ-ವೇ ಬಿಲ್ ಮಾಡಿ ಗಾಡಿ ಬಿಟ್ಟಿದ್ದಾನೆ. ಅಂದರೆ ಪೋರ್ಟಲ್ ಚೆನ್ನಾಗೇ ಇತ್ತು.

ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಹೊಸೂರಿನವರು ರಾತ್ರಿ ಒಂದರ ಮೇಲೆ ಬಂದ ಗಾಡಿ ಇಳಿಸಲ್ಲ. ನಮ್ಮ ಲಾರಿ ಬೆಳಗ್ಗೆವರೆಗೂ ಹೊರಗೆ ನಿಂತಿತ್ತು, ಅವರ ಮೊದಲ ಶಿಫ್ಟ್‌ಗೆ ಮಾಲು ಕಮ್ಮಿ ಬಿತ್ತು. ಕಾರಣ ಬರೆದು ಕೊಡಿ ಅಂದರು. ಬಾಸ್ ಶುಕ್ರವಾರವೇ ಮೇಲ್ ಹಾಕಿದ್ದಾರೆ, "ಜಿಎಸ್‌ಟಿ ಪೋರ್ಟಲ್ ತೊಂದರೆಯಿಂದ ತಡವಾಯಿತು" ಅಂತ. ಬುಧವಾರ ರಿವ್ಯೂ ಮೀಟಿಂಗ್ ಇದೆ, ನಷ್ಟದ ದುಡ್ಡು ನಮ್ಮ ಬಿಲ್‌ನಲ್ಲಿ ಹಿಡಿಯುವ ಡೆಬಿಟ್ ನೋಟ್ ಮಾತೂ ಬರಬಹುದು.

ಬಾಸ್ ನನ್ನನ್ನು ಏನೂ ಕೇಳಿಲ್ಲ. ನಾನಾಗೇ ಬರೆದು ತಿಳಿಸಬೇಕಾ? ಬರೆದರೆ ಹೇಗೆ?

ಸುಮ್ನಿರಿ ಸ್ವಾಮಿ

ಬರೀಬೇಡಿ ಕಣ್ರೀ. ಬರೆದಿದ್ದು ಫೈಲ್‌ಗೆ ಹೋಗುತ್ತೆ. ಇವತ್ತು ಬಾಸ್ ಒಳ್ಳೆಯವರು, ನಾಳೆ ಇಂಕ್ರಿಮೆಂಟ್ ಟೈಮಲ್ಲಿ ಅದೇ ಕಾಗದ ಎದುರಿಗೆ ಬರುತ್ತೆ. ನಮ್ಮಲ್ಲಿ ಒಬ್ಬ ಹುಡುಗ ಹೀಗೇ ಪ್ರಾಮಾಣಿಕತೆ ತೋರಿಸೋಕೆ ಹೋಗಿ ವಾರ್ನಿಂಗ್ ಲೆಟರ್ ತಗೊಂಡ. ಹೇಳಲೇಬೇಕು ಅನ್ನಿಸಿದರೆ ಟೀ ಟೈಮಲ್ಲಿ ಬಾಯಲ್ಲಿ ಹೇಳಿ. ಇನ್ನೂ ಒಂದು. ಆ ಹಳೇ ವಾಟ್ಸಾಪ್ ಮೆಸೇಜ್ ಡಿಲೀಟ್ ಫಾರ್ ಎವ್ರಿಒನ್ ಮಾಡಿಬಿಡಿ, ಮುಗೀತು.

ಮೆಮು ಪ್ರಯಾಣಿಕೆ

ನಾನು ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡುವವಳು. ನಿಮ್ಮ ಕಷ್ಟ ಅರ್ಥ ಆಗುತ್ತೆ ಅಣ್ಣ. ನಾನೂ ಒಂದು ಸಲ ಮೇಡಂಗೆ "ಟ್ರೈನ್ ಲೇಟು" ಅಂತ ಸುಳ್ಳು ಹೇಳಿದ್ದೆ. ನಿಜವಾಗಿ ಮಗಳ ಸ್ಕೂಲ್ ವ್ಯಾನ್ ಬರದೆ ನಾನೇ ಬಿಟ್ಟು ಬಂದಿದ್ದೆ. ಮೇಡಂ ಮೊಬೈಲ್ ತೆಗೆದು ನೋಡಿದರು, ಟ್ರೈನ್ ಸರಿಯಾದ ಟೈಮಿಗೆ ಬಂದಿದೆ ಅಂತ ಅದರಲ್ಲೇ ಇತ್ತು. ಆಮೇಲೆ ನಿಜವಾಗಲೂ ಟ್ರೈನ್ ಲೇಟಾದ ದಿನವೂ ನಂಬಲಿಲ್ಲ. ಸುಳ್ಳು ಹೇಳಿದ್ದು ಒಪ್ಕೊಂಡುಬಿಡಿ, ಮನಸ್ಸು ಹಗುರ ಆಗುತ್ತೆ.

ಕೂರ್ಗಳ್ಳಿ ಡಿಸ್ಪ್ಯಾಚ್

ಮೇಡಂ, ನಾನು ಸುಳ್ಳು ಹೇಳಲಿಲ್ಲ. ಆಗ ನನಗೆ ಗೊತ್ತಿದ್ದಿದ್ದೇ ಅಷ್ಟು. ನಿಜವಾಗಲೂ ಪೋರ್ಟಲ್ ಡೌನ್ ಅಂತಲೇ ಅಂದುಕೊಂಡಿದ್ದೆ.

ಹಳೇ ಪರ್ಸನಲ್

ಆ ವ್ಯತ್ಯಾಸ ದೊಡ್ಡದು ತಮ್ಮ, ಅದನ್ನು ಬಿಡಬೇಡ. ನಾನು ಮೈಸೂರಿನ ಕಾರ್ಖಾನೆಗಳಲ್ಲಿ ನೌಕರರ ವಿಷಯ ನೋಡುವ ಪರ್ಸನಲ್ ಡಿಪಾರ್ಟ್‌ಮೆಂಟ್‌ನಲ್ಲಿದ್ದು ರಿಟೈರ್ ಆದವನು. ವಿವರಣೆ ಪತ್ರಗಳನ್ನು ಓದಿ ಓದಿ ಕಣ್ಣು ಸವೆದಿದೆ.

ಗುರುವಾರ ನೀನು ಹೇಳಿದ್ದು ತಪ್ಪು ತಿಳಿವಳಿಕೆ. ಶನಿವಾರ ನಿಜ ಗೊತ್ತಾದ ಮೇಲೂ ಬುಧವಾರದ ಮೀಟಿಂಗ್‌ಗೆ ಬಾಸ್ ಅದೇ ಕಾರಣ ಹಿಡಿದುಕೊಂಡು ಹೋಗಲು ಬಿಟ್ಟರೆ ಅದು ಬೇರೆಯಾಗುತ್ತದೆ. ನಮ್ಮ ಕಾಲದಲ್ಲಿ ಕಾರ್ಖಾನೆ ನೌಕರರ ನಡತೆಗೆ ಇದ್ದ 1946ರ ಕೇಂದ್ರ ನಿಯಮಗಳ ಮಾದರಿ ಸ್ಟ್ಯಾಂಡಿಂಗ್ ಆರ್ಡರ್ ತೆಗೆದು ನೋಡು. ಕೆಲಸದಲ್ಲಿ ಅಲಕ್ಷ್ಯ ಅನ್ನೋದು ಪದೇ ಪದೇ ನಡೆದರೆ ಮಾತ್ರ ದುರ್ನಡತೆ. ಆದರೆ ಮಾಲೀಕರ ವ್ಯವಹಾರದಲ್ಲಿ ಅಪ್ರಾಮಾಣಿಕತೆ ಅನ್ನೋದಕ್ಕೆ ಆ "ಪದೇ ಪದೇ" ಇಲ್ಲ, ಒಂದು ಸಲ ಆದರೂ ಸಾಕು. ನಿನ್ನ ಕಂಪನಿ ಚಿಕ್ಕದು, ಅಲ್ಲಿ ಸ್ಟ್ಯಾಂಡಿಂಗ್ ಆರ್ಡರ್ ಇಲ್ಲದೇ ಇರಬಹುದು. ಆದರೂ ಮ್ಯಾನೇಜರ್‌ಗಳು ಮನಸ್ಸಲ್ಲಿ ತೂಗೋದು ಹೀಗೇ. ತಿಳಿಯದೆ ಹೇಳಿದನಾ, ತಿಳಿದೂ ಬಿಟ್ಟನಾ?

ಸುಮ್ನಿರಿ ಸ್ವಾಮಿಯವರು ಹೇಳಿದ್ದರಲ್ಲಿ ಅರ್ಧ ಸರಿ. ಬರೆದಿದ್ದು ಒಪ್ಪಿಗೆ ಆಗುತ್ತೆ, ನಾಳೆ ವಿಚಾರಣೆ ನಡೆದರೆ ಅದನ್ನೇ ಮುಂದಿಡುತ್ತಾರೆ, ನಿಜ. ಹಾಗಂತ ಬರೆಯದೇ ಇರೋದಲ್ಲ. ಏನನ್ನು ಒಪ್ಪಿಕೊಳ್ಳುತ್ತಿದ್ದೀಯ ಅನ್ನೋದರ ಮೇಲೆ ನಿಗಾ ಇರಬೇಕು. ಮೊದಲು ಬಾಯಲ್ಲಿ ಹೇಳು ಅನ್ನೋದೂ ಸರಿ. ಆದರೆ ಬಾಯಲ್ಲಿ ಹೇಳಿದ್ದು ಮೀಟಿಂಗ್ ಹೊತ್ತಿಗೆ ಯಾರಿಗೂ ನೆನಪಿರಲ್ಲ.

ಗೆಜ್ಜಲಗೆರೆ ಶಿಫ್ಟ್

ನಾನು ಬಾಸ್‌ಗಳ ಕಡೆಯವನು. ಗೆಜ್ಜಲಗೆರೆಯ ಒಂದು ಯೂನಿಟ್‌ನಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ನನ್ನ ಕೆಳಗೆ ಕೆಲಸ ಮಾಡುವವರು ಕೊಟ್ಟ ಕಾರಣವನ್ನು ನಾನು ದಿನಾ ಮೇಲಕ್ಕೆ, ಹೊರಕ್ಕೆ ಸಾಗಿಸುತ್ತಿರುತ್ತೇನೆ.

ಡಿಲೀಟ್ ಮಾತ್ರ ಖಂಡಿತ ಮಾಡಬೇಡಿ. "ಈ ಮೆಸೇಜ್ ಅಳಿಸಲಾಗಿದೆ" ಅಂತ ಗುರುತು ಉಳಿಯುತ್ತೆ. ಮೇಲ್ ಹೋದ ಮೇಲೆ ಮೂಲ ಮೆಸೇಜ್ ಮಾಯ ಆದರೆ ನಾನಾಗಿದ್ದರೆ ಮೊದಲು ಅನುಮಾನ ಪಡೋದೇ ಅದಕ್ಕೆ. ವಾಟ್ಸಾಪಲ್ಲಿ ಎಡಿಟ್ ಮಾಡೋಕೆ 15 ನಿಮಿಷ ಮಾತ್ರ ಅವಕಾಶ, ಅದೂ ಮುಗಿದಿದೆ. ಆ ಹಳೇ ಮೆಸೇಜನ್ನೇ ಒತ್ತಿ ಹಿಡಿದು ಅದಕ್ಕೇ ರಿಪ್ಲೈ ಮಾಡಿ. ಆಗ ಯಾವ ಮಾತನ್ನು ತಿದ್ದುತ್ತಿದ್ದೀರಿ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ.

ನಿಮ್ಮ ವಿಷಯದಲ್ಲಿ ನಿಜವಾದ ತೊಂದರೆ ಲಾರಿ ಲೇಟಾಗಿದ್ದಲ್ಲ. ಅದು ಆಗಿಹೋಯ್ತು. ನಿಮ್ಮ ಒಂದು ಸಾಲು ನಿಮ್ಮ ಬಾಸ್ ಹೆಸರಲ್ಲಿ ಹೊಸೂರಿಗೆ ಹೋಗಿ ಕೂತಿದೆ. ಮೀಟಿಂಗಲ್ಲಿ ಆ ಕಡೆಯವರು "ಅವತ್ತು ಪೋರ್ಟಲ್ ಸರಿ ಇತ್ತಲ್ಲ, ಬೇರೆ ಸಪ್ಲೈಯರ್‌ಗಳ ಗಾಡಿ ಎಲ್ಲಾ ಬಂತಲ್ಲ" ಅಂದರೆ ಮುಖ ಕೆಂಪಾಗೋದು ನಿಮ್ಮದಲ್ಲ, ಅವರದ್ದು. ಅದಕ್ಕೇ ನೀವು ಬರೆಯುವ ಚೀಟಿಯಲ್ಲಿ ಆ ಮೇಲ್ ವಿಷಯ ಬರಲೇಬೇಕು. ಜಾಸ್ತಿ ಜನ ಬಿಟ್ಟುಬಿಡೋದು ಅದನ್ನೇ. ತಪ್ಪಾಯ್ತು, ಹೀಗಾಯ್ತು ಅಂತೆಲ್ಲ ಬರೀತಾರೆ. ಆ ತಪ್ಪು ಮಾಹಿತಿ ಈಗ ಎಲ್ಲೆಲ್ಲಿ ಇದೆ ಅಂತ ಬರೆಯಲ್ಲ.

ರಿಟರ್ನ್ ಫೈಲರ್

ಮೈಸೂರಲ್ಲಿ ಜಿಎಸ್‌ಟಿ ಕೆಲಸ ಮಾಡಿಕೊಂಡಿದ್ದೇನೆ. ಒಂದು ವಿಷಯ ಸೇರಿಸುತ್ತೇನೆ. "ಪೋರ್ಟಲ್ ಡೌನ್" ಅನ್ನೋದು ಯಾರು ಬೇಕಾದರೂ ಚೆಕ್ ಮಾಡಬಹುದಾದ ಕಾರಣ. ಪ್ರತಿ ಇ-ವೇ ಬಿಲ್ ಮೇಲೂ ಅದು ಯಾವ ದಿನ ಎಷ್ಟು ಗಂಟೆಗೆ ಆಯ್ತು ಅಂತ ಅಚ್ಚಾಗಿರುತ್ತೆ. ಹೊಸೂರಿನವರ ಸ್ಟೋರಲ್ಲಿ ಗುರುವಾರ ಸಂಜೆ ಬೇರೆ ಕಡೆಯಿಂದ ಬಂದ ಮಾಲಿನ ಬಿಲ್‌ಗಳು ಇದ್ದೇ ಇರುತ್ತವೆ. ಆರು, ಏಳು, ಎಂಟು ಗಂಟೆಗೆ ಆದ ಬಿಲ್‌ಗಳು ಅವರ ಕೈಯಲ್ಲೇ ಇವೆ. ಹುಡುಕುವ ಮನಸ್ಸು ಇದ್ದರೆ ಐದು ನಿಮಿಷದ ಕೆಲಸ.

ನಿಮ್ಮ ತೊಂದರೆ ಈಗ ಎಲ್ಲ ಕಡೆ ಆಗುತ್ತಿದೆ. ತುಂಬ ದೊಡ್ಡ ಕಂಪನಿಗಳನ್ನು ಬಿಟ್ಟು ಉಳಿದವರಿಗೆ 2025ರ ಜನವರಿಯಿಂದ ಹಂತ ಹಂತವಾಗಿ ಲಾಗಿನ್‌ಗೆ ಒಟಿಪಿ ಕಡ್ಡಾಯ ಮಾಡಿದರು, ಆ ಏಪ್ರಿಲ್ ಹೊತ್ತಿಗೆ ಚಿಕ್ಕವರಿಗೂ ಬಂತು. ಅದಕ್ಕೆ ಮುಂಚೆ ಒಂದೇ ಲಾಗಿನ್ ಆಫೀಸಲ್ಲೆಲ್ಲ ಹಂಚಿಕೊಂಡು ನಡೆಯುತ್ತಿತ್ತು. ಈಗ ಒಟಿಪಿ ಯಾರ ನಂಬರಿಗೆ ಹೋಗುತ್ತೋ ಅವರು ಬೆಟ್ಟ ಹತ್ತಿದರೆ ಗಾಡಿ ನಿಂತಿತು ಅಂತಲೇ. ಇದಕ್ಕೆ ದಾರಿ ಇದೆ. ಮೇನ್ ಲಾಗಿನ್‌ನಲ್ಲಿ ಯೂಸರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ನಿಮ್ಮ ಹೆಸರಲ್ಲಿ ಸಬ್ ಯೂಸರ್ ಮಾಡಿಸಿಕೊಳ್ಳಿ. ಸಬ್ ಯೂಸರ್‌ನ ಒಟಿಪಿ ಅವರವರ ನಂಬರಿಗೇ ಬರುತ್ತೆ. ನಿಮ್ಮ ಆಡಿಟರ್ ಆಫೀಸಿನ ಹುಡುಗನಿಗೆ ಅವತ್ತು ಆಗಿದ್ದು ಅದಕ್ಕೇ. ಅವನ ಹತ್ತಿರ ನಿಮ್ಮ ಕಂಪನಿಯದ್ದೇ ಸಬ್ ಯೂಸರ್ ಇದ್ದಿರಬೇಕು.

ಕೂರ್ಗಳ್ಳಿ ಡಿಸ್ಪ್ಯಾಚ್

ಹೌದು ಸರ್, ಅವನಿಗೆ ಸಬ್ ಯೂಸರ್ ಇದೆಯಂತೆ, ಈಗ ಕೇಳಿದೆ. ನನಗೆ ಅದು ಹೊಳೆಯಲೇ ಇಲ್ಲ.

ಇ-ವೇ ಬಿಲ್ ಇಲ್ಲದೆ ಗಾಡಿ ಬಿಡಬಹುದಿತ್ತಲ್ಲ ಅಂತ ಯಾರಾದರೂ ಕೇಳುವ ಮುಂಚೆ ಹೇಳಿಬಿಡ್ತೀನಿ. 50,000 ರೂಪಾಯಿ ದಾಟಿದ ಮಾಲು, ಅದೂ ಬೇರೆ ರಾಜ್ಯಕ್ಕೆ. ದಾರಿಯಲ್ಲಿ ಹಿಡಿದರೆ ಮಾಲೂ ಗಾಡಿಯೂ ಅಲ್ಲೇ ನಿಲ್ಲುತ್ತೆ.

ಒಂದು ಡ್ರಾಫ್ಟ್ ಬರೆದೆ. ನೋಡಿ ಹೇಳಿ:

"ಮಾನ್ಯರೇ, ಗುರುವಾರ ಸಂಜೆ ತಾಂತ್ರಿಕ ತೊಂದರೆ ಹಾಗೂ ಅಕೌಂಟೆಂಟ್ ರಜೆಯಲ್ಲಿದ್ದು ಅವರ ಫೋನ್ ಸಂಪರ್ಕಕ್ಕೆ ಸಿಗದ ಕಾರಣ ಸ್ವಲ್ಪ ಗೊಂದಲ ಉಂಟಾಗಿ, ಪೋರ್ಟಲ್ ಡೌನ್ ಇದೆ ಎಂದು ತಮಗೆ ತಿಳಿಸಲಾಗಿತ್ತು. ಇದಕ್ಕಾಗಿ ವಿಷಾದಿಸುತ್ತೇನೆ. ಇನ್ನು ಮುಂದೆ ಇಂತಹ ತಪ್ಪು ಮರುಕಳಿಸದಂತೆ ನೋಡಿಕೊಳ್ಳುತ್ತೇನೆ. ತಾವು ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧನಾಗಿರುತ್ತೇನೆ."

ಸುಮ್ನಿರಿ ಸ್ವಾಮಿ

ಚೆನ್ನಾಗಿದೆ ಬಿಡಿ. ಅಕೌಂಟೆಂಟ್ ಮೇಲೆ ಹೋಯ್ತು, ನಿಮ್ಮದು ಏನೂ ಇಲ್ಲ.

ಹಳೇ ಪರ್ಸನಲ್

ಚೆನ್ನಾಗಿಲ್ಲ. ಒಂದು ಪ್ರಶ್ನೆ ಕೇಳ್ತೀನಿ, ನೇರವಾಗಿ ಹೇಳು. ಗುರುವಾರ ಸಂಜೆ ನೀನು ಅಕೌಂಟೆಂಟ್‌ಗೆ ಫೋನ್ ಮಾಡಿದ್ದೆಯಾ?

ಕೂರ್ಗಳ್ಳಿ ಡಿಸ್ಪ್ಯಾಚ್

ಇಲ್ಲ ಸರ್. ಪೋರ್ಟಲ್ ಡೌನ್ ಅಂದುಕೊಂಡಿದ್ದರಿಂದ ಅವರಿಗೆ ಮಾಡುವ ಪ್ರಮೇಯವೇ ಬರಲಿಲ್ಲ.

ಹಳೇ ಪರ್ಸನಲ್

ನೋಡಿದೆಯಾ? ಹಾಗಾದರೆ "ಅವರ ಫೋನ್ ಸಂಪರ್ಕಕ್ಕೆ ಸಿಗದ ಕಾರಣ" ಅನ್ನೋದು ಎಲ್ಲಿಂದ ಬಂತು? ನೀನು ಫೋನೇ ಮಾಡಿಲ್ಲ. ಮೊದಲ ಕಾರಣ ತಪ್ಪು ಅಂತ ತಿದ್ದಲು ಹೋಗಿ ಎರಡನೇ ತಪ್ಪು ಕಾರಣ ಬರೆದಿದ್ದೀಯ. ಮೊದಲನೆಯದು ತಿಳಿಯದೆ ಹೇಳಿದ್ದು. ಇದು ಕೂತು ಯೋಚಿಸಿ, ಬೆರಳಲ್ಲಿ ಟೈಪ್ ಮಾಡಿದ್ದು. ಅಕೌಂಟೆಂಟ್ ಕಾಲ್ ಲಿಸ್ಟ್ ತೋರಿಸಿದರೆ ನಿನ್ನ ಮಾತು ಮುಗೀತು. ಬೇಕಂತಲೇ ಬರೆದೆ ಅಂತ ನಾನು ಹೇಳುತ್ತಿಲ್ಲ. ವಿವರಣೆ ಬರೆಯಲು ಕೂತಾಗ ಕೈ ತಾನಾಗೇ ಕಾರಣ ಹುಡುಕುತ್ತೆ, ಅದು ಎಲ್ಲರಿಗೂ ಆಗೋದು. ನನ್ನ ಟೇಬಲ್‌ಗೆ ಬಂದ ಪತ್ರಗಳಲ್ಲಿ ಜಾಸ್ತಿ ಜನ ಸಿಕ್ಕಿಬಿದ್ದಿದ್ದು ಮೊದಲ ತಪ್ಪಿನಲ್ಲಲ್ಲ, ಈ ಎರಡನೇ ಪತ್ರದಲ್ಲಿ.

ಅಕೌಂಟೆಂಟ್ ಮಂಜೂರಾದ ರಜೆಯಲ್ಲಿದ್ದರು. ರಜೆಯಲ್ಲಿ ಫೋನ್ ಎತ್ತಲೇಬೇಕು ಅಂತ ಏನೂ ಇಲ್ಲ. ನಂಬರ್ ಬದಲಾಯಿಸಿ ನಿನಗೆ ಹೇಳದೇ ಇದ್ದದ್ದು ಅವರ ಕಡೆಯ ಕೊರತೆ ಇರಬಹುದು. ಆದರೆ ಅದನ್ನು ತೂಗೋದು ಬಾಸ್ ಕೆಲಸ. ನೀನು ಆಗಿದ್ದು ಮಾತ್ರ ಬರಿ: ಲಾಗಿನ್ ಈಗ ಯಾರ ನಂಬರಿಗೆ ಸೇರಿದೆ, ಅದು ನಿನಗೆ ಯಾವತ್ತು ಗೊತ್ತಾಯ್ತು. ಕಳಿಸುವ ಮುಂಚೆ ಅವರಿಗೊಂದು ಮಾತು ತಿಳಿಸು. ಬಾಸ್ ಕರೆದು ಕೇಳಿದಾಗಲೇ ಅವರಿಗೆ ಗೊತ್ತಾಗೋದು ಬೇಡ. ಪಕ್ಕದ ಟೇಬಲ್‌ನವರ ಜೊತೆ ದಿನಾ ಕೆಲಸ ಮಾಡಬೇಕು, ಅಲ್ವಾ.

ಇನ್ನು ಆ ಕೊನೆಯ ಸಾಲು. "ಯಾವುದೇ ಕ್ರಮಕ್ಕೆ ಬದ್ಧ" ಅಂತ ನಮ್ಮ ಜನ ಅಭ್ಯಾಸಬಲದಿಂದ ಬರೆದುಬಿಡುತ್ತಾರೆ, ಮುಚ್ಚಳಿಕೆ ಬರೆದುಕೊಟ್ಟ ಹಾಗೆ. ಯಾರೂ ಕೇಳಿಲ್ಲ, ನೋಟಿಸ್ ಇಲ್ಲ, ಆರೋಪ ಇಲ್ಲ. ಅದನ್ನು ಯಾಕೆ ಕೊಡ್ತೀಯ? ಹೊಡೆದು ಹಾಕು. "ತಾಂತ್ರಿಕ ತೊಂದರೆ" ಅನ್ನೋದನ್ನೂ ತೆಗಿ. ಅದನ್ನು ಓದಿದವರಿಗೆ ಪೋರ್ಟಲ್‌ನಲ್ಲೇ ಇನ್ನೂ ಏನೋ ತೊಂದರೆ ಇತ್ತು ಅಂತ ಅನ್ನಿಸುತ್ತೆ.

ಗೆಜ್ಜಲಗೆರೆ ಶಿಫ್ಟ್

ನಾನು ಇನ್ನೊಂದು ಹೇಳ್ತೀನಿ. ನಿಮ್ಮ ಡ್ರಾಫ್ಟಲ್ಲಿ ಮುಖ್ಯ ಮಾತು ಸಿಗೋಕೆ ಪೂರ್ತಿ ಓದಬೇಕು, ಓದಿದರೂ ಸಿಗಲ್ಲ. ಪೋರ್ಟಲ್ ಡೌನ್ ಇತ್ತಾ ಇಲ್ವಾ? ಆ ಉತ್ತರವೇ ಅದರಲ್ಲಿಲ್ಲ! "ತಿಳಿಸಲಾಗಿತ್ತು" ಅಂತಿದೆ, ಅಷ್ಟೇ. ಮೊದಲ ಸಾಲಲ್ಲೇ ಬರಲಿ: ನಾನು ಕಳಿಸಿದ ಮೆಸೇಜ್ ಸರಿಯಲ್ಲ, ಪೋರ್ಟಲ್ ಕೆಲಸ ಮಾಡುತ್ತಿತ್ತು. ನಾನು ಲೈನ್ ಮೇಲೆ ನಿಂತು ಮೊಬೈಲ್ ನೋಡುವವನು. ನೋಟಿಫಿಕೇಷನ್‌ನಲ್ಲಿ ಕಾಣುವ ಎರಡು ಸಾಲಲ್ಲಿ ವಿಷಯ ತಿಳಿಯಬೇಕು.

ಆಮೇಲೆ ನಿಮಗೆ ಹೇಗೆ ಗೊತ್ತಾಯ್ತು ಅಂತ ಬೇಕು. ಇಲ್ಲದಿದ್ದರೆ ಈಗ ಹೇಳುತ್ತಿರೋದನ್ನಾದರೂ ಹೇಗೆ ನಂಬೋದು? ಗುರುವಾರವೂ ಅಷ್ಟೇ ಖಚಿತವಾಗಿ ಹೇಳಿದ್ದಿರಲ್ಲ. ಅಕೌಂಟೆಂಟ್ ಫೋನಲ್ಲಿರುವ ಒಟಿಪಿ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಕೇಳಿ ಇಟ್ಟುಕೊಳ್ಳಿ, ಬಂದ ಟೈಮ್ ಕಾಣುವ ಹಾಗೆ.

ರಿಟರ್ನ್ ಫೈಲರ್

ಸ್ಕ್ರೀನ್‌ಶಾಟ್ ಬಗ್ಗೆ ಸ್ವಲ್ಪ ಎಚ್ಚರ. ಅವರ ಫೋನ್ ಬೆಟ್ಟದ ಮೇಲೆ ನೆಟ್‌ವರ್ಕ್ ಇಲ್ಲದೆ ಇತ್ತು ಅಂದಿರಿ. ಹಾಗಿದ್ದರೆ ಫೋನ್ ತೋರಿಸುವ ಟೈಮ್ ಮೆಸೇಜ್ ತಲುಪಿದ್ದು ಇರಬಹುದು, ಕಳಿಸಿದ್ದಲ್ಲ. ರಾತ್ರಿ ಹನ್ನೊಂದು ಅಂತ ಇದ್ದು ಅದನ್ನು ನೀವು ಆರು ಗಂಟೆಯ ಸಾಕ್ಷಿ ಅಂತ ಕೊಟ್ಟರೆ ಮತ್ತೆ ಗೊಂದಲ. ಪಕ್ಕದ ಯೂನಿಟ್ ಗೆಳೆಯನ ಇ-ವೇ ಬಿಲ್ ಮೇಲಿನ ಏಳು ಗಂಟೆಯೇ ಗಟ್ಟಿ. ಆದರೆ ಅದು ಅವರ ಕಂಪನಿಯ ಕಾಗದ, ಕಾಪಿ ಲಗತ್ತಿಸಬೇಡಿ. ಪಕ್ಕದವರಿಗೆ ಆ ಹೊತ್ತಲ್ಲಿ ಆಗಿದೆ ಅಂತ ಬರೆದರೆ ಸಾಕು.

ಸರ್ವರ್ ಅವತ್ತು ಸ್ವಲ್ಪ ಸ್ಲೋ ಇದ್ದಿರಲೂಬಹುದು. ತಿಂಗಳ ಕೊನೆಗೆ ಹಾಗಾಗೋದುಂಟು. ಆದರೆ ಅದನ್ನು ಈಗ ಎಳೆದು ತರಬೇಡಿ. ನಿಮ್ಮ ಗಾಡಿ ನಿಂತಿದ್ದು ಅದರಿಂದಲ್ಲ.

ಮೆಮು ಪ್ರಯಾಣಿಕೆ

ಸಾರಿ ಅಣ್ಣ, ಸುಳ್ಳು ಅಂದಿದ್ದು ತಪ್ಪಾಯ್ತು. ನನ್ನ ಕಥೆಯ ಗುಂಗಲ್ಲಿ ಓದಿದ್ದೆ. ಆದರೂ ಒಂದು ಅನುಮಾನ. ಸಾರಿ ಅನ್ನೋದನ್ನು ಮೊದಲು ಹಾಕಬೇಕಲ್ವಾ? ದೊಡ್ಡವರಿಗೆ ಬರೆಯುವಾಗ ಹಾಗೇ ಶುರು ಮಾಡೋದು ಮರ್ಯಾದೆ ಅಂತ ನನಗೆ ಅನ್ನಿಸುತ್ತೆ.

ಗೆಜ್ಜಲಗೆರೆ ಶಿಫ್ಟ್

ಮೇಡಂ, "ಸಾರಿ ಸರ್, ದಯವಿಟ್ಟು ಕ್ಷಮಿಸಿ" ಅಂತ ಶುರುವಾದ ಮೆಸೇಜ್ ಬಂದರೆ ನನಗೆ ಮೊದಲು ಎದೆ ಧಸಕ್ ಅನ್ನುತ್ತೆ, ಯಾರಿಗಾದರೂ ಪೆಟ್ಟಾಯ್ತಾ ಅಂತ. ಒಂದೇ ಸಲ, ಕೊನೆಯಲ್ಲಿ ಇರಲಿ.

ಹಳೇ ಪರ್ಸನಲ್

ನಾನು ಇದರಲ್ಲಿ ಮೇಡಂ ಕಡೆ. ಹಳೇ ಕಾಲದ ಬಾಸ್‌ಗಳಿಗೆ ಮೊದಲು ಬಂದರೇ ಸಮಾಧಾನ. ತಮ್ಮ, ನಿನ್ನ ಬಾಸ್ ಹೇಗೆ ಅಂತ ನಿನಗೇ ಗೊತ್ತು. ಎಲ್ಲಿ ಹಾಕಿದರೂ ಸರಿ, ಎರಡು ಸಲ ಬೇಡ.

ಕೂರ್ಗಳ್ಳಿ ಡಿಸ್ಪ್ಯಾಚ್

ಎಲ್ಲರಿಗೂ ಥ್ಯಾಂಕ್ಸ್. ಅಕೌಂಟೆಂಟ್ ಹತ್ತಿರ ಮಾತಾಡಿದೆ. ಮೊದಲು ಸ್ವಲ್ಪ ಬಿಗಿಯಾದರು, "ನನ್ನ ಹೆಸರು ಯಾಕೆ" ಅಂದರು. ಬರೆದಿದ್ದನ್ನು ತೋರಿಸಿದ ಮೇಲೆ ಸರಿ ಅಂದರು. "ಅಕೌಂಟೆಂಟ್" ಅಂತ ಇದ್ದಿದ್ದನ್ನು "ಅಕೌಂಟ್ಸ್ ವಿಭಾಗ" ಅಂತ ಮಾಡಿಸಿದರು. ಇದು ಹೊಸ ಡ್ರಾಫ್ಟ್:

"ಸರ್, ಗುರುವಾರ ಸಂಜೆ 'ಜಿಎಸ್‌ಟಿ ಪೋರ್ಟಲ್ ಡೌನ್ ಇದೆ' ಅಂತ ನಾನು ಕಳಿಸಿದ ಮೆಸೇಜ್ ಸರಿಯಲ್ಲ. ಪೋರ್ಟಲ್ ಕೆಲಸ ಮಾಡುತ್ತಿತ್ತು. ಒಟಿಪಿ ಆಫೀಸ್ ಮೊಬೈಲ್‌ಗೆ ಬರದೇ ಇದ್ದದ್ದನ್ನು ನೋಡಿ ನಾನು ಹಾಗೆ ಅಂದುಕೊಂಡೆ. ಬೇರೆಯವರಿಗೆ ಲಾಗಿನ್ ಆಗುತ್ತಿದೆಯಾ ಅಂತ ವಿಚಾರಿಸಲಿಲ್ಲ.

ನಮ್ಮ ಮೇನ್ ಲಾಗಿನ್‌ನ ಒಟಿಪಿ ಈಗ ಅಕೌಂಟ್ಸ್ ವಿಭಾಗದ ನಂಬರಿಗೆ ಹೋಗುತ್ತದೆ. ಇದು ನನಗೆ ಶನಿವಾರ ಗೊತ್ತಾಯಿತು. ಗುರುವಾರದ ಒಟಿಪಿಗಳು ಆ ಫೋನಿನಲ್ಲಿವೆ. ಪಕ್ಕದ ಯೂನಿಟ್‌ನವರು ಅದೇ ಸಂಜೆ ಏಳಕ್ಕೆ ಇ-ವೇ ಬಿಲ್ ಮಾಡಿದ್ದಾರೆ. ನಮ್ಮದು ರಾತ್ರಿ ಆಗಿದ್ದು ಆಡಿಟರ್ ಆಫೀಸಿನ ಸಬ್ ಯೂಸರ್ ಲಾಗಿನ್‌ನಿಂದ.

ಶುಕ್ರವಾರ ಹೊಸೂರಿಗೆ ಹೋದ ಮೇಲ್‌ನಲ್ಲಿ ನನ್ನ ಮೆಸೇಜ್‌ನ ಕಾರಣವೇ ಇದೆ. ಬುಧವಾರದ ರಿವ್ಯೂಗೆ ಮುಂಚೆ ನಿಮಗೆ ಗೊತ್ತಿರಲಿ ಅಂತ ತಿಳಿಸುತ್ತಿದ್ದೇನೆ. ಗೇಟ್ ರಿಜಿಸ್ಟರ್‌ನಲ್ಲಿ ಬರೆದ ಕಾರಣವೂ ಇದೇ. ಅದನ್ನು ಹೊಡೆದು ಹಾಕಿಲ್ಲ, ಹೇಗೆ ಮಾಡಬೇಕು ಹೇಳಿ.

ನನ್ನ ನಂಬರಿಗೆ ಒಂದು ಸಬ್ ಯೂಸರ್ ಮಾಡಿಸಲು ನಿಮ್ಮ ಒಪ್ಪಿಗೆ ಬೇಕು. ಸಾರಿ ಸರ್, ನನ್ನಿಂದ ನಿಮಗೆ ತಪ್ಪು ಮಾಹಿತಿ ಬಂತು."

ಹಳೇ ಪರ್ಸನಲ್

ಗೇಟ್ ರಿಜಿಸ್ಟರ್ ನೆನಪಿಟ್ಟುಕೊಂಡು ಬರೆದೆಯಲ್ಲ, ಭೇಷ್. ನನಗೂ ಹೊಳೆದಿರಲಿಲ್ಲ. ಅದನ್ನು ಉಜ್ಜಿ ಅಳಿಸೋದಾಗಲಿ ವೈಟ್ನರ್ ಹಚ್ಚೋದಾಗಲಿ ಬೇಡವೇ ಬೇಡ. ಹಳೇ ಸಾಲಿನ ಮೇಲೆ ಒಂದೇ ಗೆರೆ, ಕೆಳಗಿನದು ಓದುವ ಹಾಗಿರಬೇಕು. ಪಕ್ಕದಲ್ಲಿ ಸರಿಯಾದ ಕಾರಣ, ಇವತ್ತಿನ ತಾರೀಖು, ಸಹಿ. ಅದೂ ಬಾಸ್ ಒಪ್ಪಿದ ಮೇಲೆ. ಗುರುವಾರದ ತಾರೀಖು ಹಾಕಿಬಿಟ್ಟೀಯ, ಜೋಕೆ.

ಇದರಲ್ಲಿ ನೀನು ಒಪ್ಪಿಕೊಂಡಿರೋದು ಒಂದೇ: ವಿಚಾರಿಸದೆ ತೀರ್ಮಾನಕ್ಕೆ ಬಂದೆ ಅಂತ. ಅದು ನಿಜ. ಅದಕ್ಕಿಂತ ಜಾಸ್ತಿ ಒಂದು ಅಕ್ಷರ ಬೇಡ. ಬೆಳಗ್ಗೆ ಅವರು ಕ್ಯಾಬಿನ್‌ಗೆ ಬಂದ ಮೇಲೆ ಎರಡು ನಿಮಿಷ ಕೇಳಿಕೊಂಡು ಬಾಯಲ್ಲಿ ಹೇಳು. ಹೊರಗೆ ಬಂದು ಇದನ್ನು ಕಳಿಸು. ರಾತ್ರಿ ಹನ್ನೊಂದಕ್ಕೆ ಕಳಿಸಿ ಅವರ ನಿದ್ದೆ ಕೆಡಿಸಬೇಡ.

ಸುಮ್ನಿರಿ ಸ್ವಾಮಿ

ಇಷ್ಟು ಚೆನ್ನಾಗಿ ಬರೆದುಕೊಟ್ಟರೆ ಬಾಸ್ ಇದನ್ನೇ ಪ್ರಿಂಟ್ ತೆಗೆದು "ನೋಡಿ, ನಮ್ಮ ಹುಡುಗನ ತಪ್ಪು" ಅಂತ ಹೊಸೂರಿಗೆ ಕಳಿಸಿದರೆ? ಡೆಬಿಟ್ ನೋಟ್ ದುಡ್ಡು ಇವರ ಸಂಬಳದಲ್ಲಿ ಹಿಡಿದರೆ? ಆಗ ನೀವು ಯಾರಾದರೂ ಬರ್ತೀರಾ?

ಹಳೇ ಪರ್ಸನಲ್

ಸಂಬಳದಲ್ಲಿ ಅವರಿಗೆ ಬೇಕಾದ ಹಾಗೆ ಹಿಡಿಯೋಕೆ ಬರಲ್ಲ ಸ್ವಾಮಿ. ಯಾವುದಕ್ಕೆ ಹಿಡಿಯಬಹುದು ಅಂತ ಕಾನೂನಿದೆ. ನಷ್ಟಕ್ಕೆ ಹಿಡಿಯಬೇಕಾದರೂ ಅವನ ಮಾತು ಕೇಳಿದ ಮೇಲೆಯೇ. ಪ್ರಿಂಟ್ ತೆಗೆದು ಕಳಿಸಬಹುದು, ಅದನ್ನು ತಡೆಯೋಕಾಗಲ್ಲ. ಅದರಲ್ಲಿ ಇರೋದೆಲ್ಲ ನಿಜವೇ ಆದರೆ ಹೆದರಿಕೆ ಕಮ್ಮಿ.

ಕೂರ್ಗಳ್ಳಿ ಡಿಸ್ಪ್ಯಾಚ್

ಸೋಮವಾರ ಹೇಳಿದೆ, ಕಳಿಸಿಯೂ ಆಯ್ತು. ಸರ್ ಕೇಳಿಸಿಕೊಂಡು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಬೇರೆಯವರಿಗೆ ಒಂದು ಫೋನ್ ಮಾಡಿ ಕೇಳೋಕೆ ಏನಾಗಿತ್ತು ನಿನಗೆ" ಅಂತ ಬೈದರು. ಬೈಗುಳ ಅಷ್ಟಕ್ಕೇ ನಿಂತಿತು. ಅಕೌಂಟ್ಸ್‌ನವರನ್ನು ಕರೆದು ಇವತ್ತೇ ಸಬ್ ಯೂಸರ್ ಮಾಡಿ ಅಂದರು. ರಿಜಿಸ್ಟರ್ ಸಾಲನ್ನು ನೀವು ಹೇಳಿದ ಹಾಗೆ ಗೆರೆ ಎಳೆದು ಸರಿ ಮಾಡಿದೆ, ಸರ್ ಪಕ್ಕದಲ್ಲಿ ಸಹಿ ಹಾಕಿದರು.

ಹೊಸೂರಿನ ಮೇಲ್ ಬಗ್ಗೆ ಮಾತ್ರ "ಅದು ನಾನು ನೋಡ್ಕೋತೀನಿ" ಅಂದರು. ತಿದ್ದಿ ಕಳಿಸ್ತಾರೋ ಇಲ್ವೋ ಗೊತ್ತಿಲ್ಲ. ಈಗ ನನ್ನ ತಲೆನೋವು ಇದು. ಹೊಸೂರಿನ ಸ್ಟೋರ್‌ನವರು ದಿನಾ ನನಗೇ ಫೋನ್ ಮಾಡೋದು. "ಅವತ್ತು ಪೋರ್ಟಲ್ ಏನಾಗಿತ್ತು" ಅಂತ ಕೇಳಿದರೆ ಏನು ಹೇಳಲಿ?

ಗೆಜ್ಜಲಗೆರೆ ಶಿಫ್ಟ್

"ಆ ವಿಷಯ ನಮ್ಮ ಸರ್ ಹತ್ತಿರ ಮಾತಾಡಿ" ಅನ್ನಿ. ಕಸ್ಟಮರ್‌ಗೆ ಏನು ಹೇಳಬೇಕು ಅನ್ನೋದು ಅವರ ತೀರ್ಮಾನ. ನಿಮ್ಮ ಕೆಲಸ ಅವರಿಗೆ ತಿಳಿಸೋದು, ತಿಳಿಸಿದಿರಿ.

ರಿಟರ್ನ್ ಫೈಲರ್

ನಾನಾಗಿದ್ದರೆ ಬಾಸ್‌ನ ಇನ್ನೊಂದು ಸಲ ಕೇಳುತ್ತಿದ್ದೆ, ಸ್ಟೋರ್‌ನವರು ಕೇಳಿದರೆ ಏನು ಹೇಳಲಿ ಸರ್ ಅಂತ. ಡೌನ್ ಇತ್ತು ಅಂತಲೇ ಹೇಳು ಅಂದರೆ ಕಷ್ಟ. ಈಗ ನಿಮಗೆ ಗೊತ್ತಿದೆಯಲ್ಲ.

ಹಳೇ ಪರ್ಸನಲ್

ಕೇಳು, ಆದರೆ ಬುಧವಾರ ಆಗಲಿ. ಮೀಟಿಂಗಲ್ಲಿ ಅವರು ಏನು ಮಾತಾಡುತ್ತಾರೋ ನೋಡು. ಅಲ್ಲಿವರೆಗೆ ಯಾರು ಕೇಳಿದರೂ ಪೋರ್ಟಲ್ ಡೌನ್ ಇತ್ತು ಅನ್ನೋ ಮಾತು ನಿನ್ನ ಬಾಯಲ್ಲಿ ಮಾತ್ರ ಮತ್ತೆ ಬರಬಾರದು.

ಮೆಮು ಪ್ರಯಾಣಿಕೆ

ಹಳೇ ಪರ್ಸನಲ್ ಸರ್, ಒಂದು ಪ್ರಶ್ನೆ. ನನ್ನದು ಹಳೇ ವಿಷಯ, ಆಗಲೇ ಹೇಳಿದೆನಲ್ಲ. ನಾನು ಹೇಳಿದ್ದು ನಿಜವಾಗಲೂ ಸುಳ್ಳೇ. ಮೇಡಂ ಬಾಯಿಬಿಟ್ಟು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಬರೆದು ಕೊಡಬೇಕಾ?

ಹಳೇ ಪರ್ಸನಲ್

ನಿಮ್ಮದು ಬೇರೆ ಅಮ್ಮ. ನೀವು ಹೇಳಿದ್ದು ಎಲ್ಲಿಗೂ ಹೋಗಿಲ್ಲ, ಯಾವ ಕಾಗದದಲ್ಲೂ ಇಲ್ಲ. ಬರೆಯೋಕೆ ಏನೂ ಇಲ್ಲ. ಇನ್ನೊಂದು ಸಲ ವ್ಯಾನ್ ಬರದಿದ್ದರೆ ಮನೆಯಿಂದ ಹೊರಡುವಾಗಲೇ "ವ್ಯಾನ್ ಬಂದಿಲ್ಲ ಮೇಡಂ, ಅರ್ಧ ಗಂಟೆ ತಡ" ಅಂತ ಮೆಸೇಜ್ ಹಾಕಿ. ಅಂದಹಾಗೆ, ಹಾಜರಿ ಪುಸ್ತಕದಲ್ಲಿ ಅವತ್ತು ಟ್ರೈನ್ ಲೇಟು ಅಂತ ಬರೆದಿದ್ದಿರಾ?

ಮೆಮು ಪ್ರಯಾಣಿಕೆ

ಬರೆದಿದ್ದೆ ಅನ್ನಿಸುತ್ತೆ ಸರ್. ನಾಳೆ ನೋಡಿ ಹೇಳ್ತೀನಿ.